ಜರ್ಮನಿಗೆ ಮೀಟಿಂಗ್‌ಗೆ ಹೊರಟ ನೌಕರನಿಗೆ ಕಂಪನಿ ಕೊಡುವ ಪತ್ರ: ಮೊದಲ ಸಾಲಿನಿಂದ ಸೀಲ್ ಒತ್ತುವವರೆಗೆ

ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಆಫೀಸು ನೋಡಿಕೊಳ್ಳುತ್ತೇನೆ. ಎಚ್‌ಆರ್, ಅಡ್ಮಿನ್, ಕೊರಿಯರ್ ಹುಡುಗ ಬರದಿದ್ದರೆ ಕೊರಿಯರ್, ಎಲ್ಲಾ ನಾನೇ. ಮೊದಲ ಸಲ ನಮ್ಮ ಇಂಜಿನಿಯರ್ ಒಬ್ಬರು ಯೂರೋಪಿಗೆ ಹೊರಟಾಗ ನಾನು ಬರೆದುಕೊಟ್ಟ ಪತ್ರ ನಾಲ್ಕೇ ಸಾಲು. "ಇವರು ನಮ್ಮಲ್ಲಿ ಕೆಲಸ ಮಾಡುತ್ತಾರೆ, ವಿದೇಶಕ್ಕೆ ಹೋಗಲು ನಮ್ಮದೇನೂ ಅಭ್ಯಂತರವಿಲ್ಲ, ವೀಸಾ ಕೊಡಬೇಕಾಗಿ ವಿನಂತಿ." ಕೆಳಗೆ ಸಹಿ, ಸೀಲ್. ವೀಸಾ ಬರಲಿಲ್ಲ. ತಿರಸ್ಕಾರದ ಫಾರಂನಲ್ಲಿ ಟಿಕ್ ಹಾಕಿದ್ದ ಕಾರಣ ಇಷ್ಟೇ: ಪ್ರವಾಸದ ಉದ್ದೇಶ ಮತ್ತು ಅಲ್ಲಿ ಉಳಿಯುವ ವ್ಯವಸ್ಥೆ ಬಗ್ಗೆ ಕೊಟ್ಟ ಮಾಹಿತಿ ನಂಬುವಂತಿಲ್ಲ.

ಆಮೇಲೆ ಕೂತು ಓದಿದಾಗ ನನಗೇ ನಾಚಿಕೆಯಾಯಿತು. ಅಭ್ಯಂತರ ಇದೆಯಾ ಅಂತ ಅವರು ಕೇಳಿರಲೇ ಇಲ್ಲ. ಅವರು ಕೇಳುವುದು ಬೇರೆ ನಾಲ್ಕು ಪ್ರಶ್ನೆ. ಈ ಮನುಷ್ಯ ನಿಮ್ಮಲ್ಲಿ ಏನು ಮಾಡುತ್ತಾನೆ, ಅಲ್ಲಿ ಯಾವ ದಿನ ಎಲ್ಲಿ ಏನು ಮಾಡುತ್ತಾನೆ, ದುಡ್ಡು ಯಾರದು, ವಾಪಸ್ ಬರಲು ಅವನಿಗೆ ಏನು ಕಾರಣ. ನಾಲ್ಕಕ್ಕೂ ಪತ್ರದಲ್ಲಿ ಉತ್ತರ ಇರಬೇಕು. ಅದಕ್ಕಿಂತ ಮುಖ್ಯ, ಆ ಉತ್ತರ ಫೈಲಿನಲ್ಲಿರುವ ಬೇರೆ ಯಾವುದೋ ಕಾಗದದ ಜೊತೆ ತಾಳೆ ಆಗಬೇಕು. ಆಫೀಸರ್ ಎದುರಿಗೆ ನೀವೂ ಇರಲ್ಲ, ನಿಮ್ಮ ನೌಕರನೂ ಇರಲ್ಲ. ಬೆರಳಚ್ಚು, ಫೋಟೋ ಎಲ್ಲಾ ಅರ್ಜಿ ಕೇಂದ್ರದಲ್ಲೇ ಮುಗಿದಿರುತ್ತದೆ. ಕಾನ್ಸುಲೇಟ್ ಮೇಜಿನ ಮೇಲೆ ಇರುವುದು ಬರೀ ಕಾಗದ. ಎರಡು ಕಾಗದದಲ್ಲಿ ಎರಡು ಮಾತು ಇದ್ದರೆ ಬಿಡಿಸಿ ಹೇಳಲು ಅಲ್ಲಿ ಯಾರೂ ಇರಲ್ಲ.

ಇಲ್ಲಿ ಹೇಳುವುದು ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾ, ಅಂದರೆ 180 ದಿನದಲ್ಲಿ 90 ದಿನದವರೆಗೆ ಇರಬಹುದಾದ ಸಿ ಟೈಪ್ ವೀಸಾದ ಬಗ್ಗೆ. ಜರ್ಮನಿಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಅಮೆರಿಕದ ಬಿ1 ವೀಸಾದಲ್ಲಿ ಇಂಟರ್‌ವ್ಯೂನೇ ಮುಖ್ಯ, ಎಷ್ಟೋ ಸಲ ಆಫೀಸರ್ ಪತ್ರ ಕೇಳುವುದೂ ಇಲ್ಲ. ಷೆಂಗೆನ್‌ನಲ್ಲಿ ಪತ್ರವೇ ನಿಮ್ಮ ಬಾಯಿ.

ನಮ್ಮ ಉದಾಹರಣೆ

ಹೆಸರು ಸುಮ್ನೆ ಇಟ್ಟುಕೊಂಡದ್ದು, ಲೆಕ್ಕ ಮಾತ್ರ ನಿಜವಾಗಿ ನಡೆಯುವ ರೀತಿಯದ್ದೇ. ಮಂಜುನಾಥ ಅಂತ ಒಬ್ಬ ಕ್ವಾಲಿಟಿ ಇಂಜಿನಿಯರ್. ಕಂಪನಿ ಸ್ಟುಟ್‌ಗಾರ್ಟ್ ಹತ್ತಿರದ ಒಬ್ಬ ಗ್ರಾಹಕರಿಗೆ ಬಿಡಿಭಾಗ ಮಾಡಿಕೊಡುತ್ತದೆ. ಜೂನ್ 8ರ ಸೋಮವಾರದಿಂದ 11ರ ಗುರುವಾರದವರೆಗೆ ಅಲ್ಲಿ ಮೀಟಿಂಗ್. ಆಮೇಲೆ ಶುಕ್ರವಾರ ಹೊರಟು ಎರಡು ರಾತ್ರಿ ಮ್ಯೂನಿಕ್ ನೋಡಿಕೊಂಡು ಭಾನುವಾರ ವಾಪಸ್ ಹೊರಡುವ ಆಸೆ ಅವನಿಗೆ. ಅಷ್ಟು ದೂರ ಹೋಗಿ ಯಾರು ತಾನೇ ಸುಮ್ನೆ ಬರುತ್ತಾರೆ?

ಪೆನ್ನು ಹಿಡಿಯುವ ಮೊದಲು

ಮೊದಲು ಆ ಕಡೆಯ ಆಹ್ವಾನ ಪತ್ರ ತರಿಸಿಕೊಳ್ಳಿ. ನೀವು ಮೊದಲೇ ಬರೆದಿಟ್ಟರೆ ಅವರದ್ದು ಬಂದಾಗ ಏನೋ ಒಂದು ಬೇರೆಯಾಗಿರುತ್ತದೆ, ಖಂಡಿತ. ಅವರು 9ನೇ ತಾರೀಖು ಶುರು ಅಂದಿರುತ್ತಾರೆ, ಇಲ್ಲವೇ ನೀವು "ಗುಣಮಟ್ಟದ ಪರಿಶೀಲನಾ ಸಭೆ" ಅಂದದ್ದನ್ನು ಅವರು "ತರಬೇತಿ" ಅಂದಿರುತ್ತಾರೆ. ಆಹ್ವಾನದಲ್ಲಿ ನೌಕರನ ಪೂರ್ತಿ ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಖು, ಜಾಗ, ಕೆಲಸದ ವಿಷಯ, ಯಾವ ಖರ್ಚು ಯಾರದ್ದು, ಇಷ್ಟೂ ಇರಬೇಕು. ಮೇಲ್‌ನಲ್ಲಿ ಇದನ್ನೆಲ್ಲ ನೀವೇ ಬರೆದು ಕಳಿಸಿಬಿಡಿ. ಜರ್ಮನ್ ಕಂಪನಿಯವರು ಬೇಜಾರು ಮಾಡಿಕೊಳ್ಳಲ್ಲ, ಕೆಲಸ ಸುಲಭವಾಯಿತು ಅಂತ ಖುಷಿಪಡುತ್ತಾರೆ.

ಕಾನ್ಫರೆನ್ಸ್ ಆದರೆ ಆಹ್ವಾನದ ಬದಲು ನೋಂದಣಿ ದೃಢೀಕರಣ ಮತ್ತು ಶುಲ್ಕ ಕಟ್ಟಿದ ರಸೀದಿ. ಭಾಷಣವೋ ಪ್ರಬಂಧವೋ ಇದ್ದರೆ ಅದನ್ನು ಒಪ್ಪಿಕೊಂಡ ಮೇಲ್ ಕೂಡ ಇಡಿ. ರಸೀದಿ ನೌಕರನ ಹೆಸರಿನಲ್ಲಿದ್ದು, ಪತ್ರದಲ್ಲಿ "ಶುಲ್ಕ ಕಂಪನಿಯದ್ದು" ಅಂತಿದ್ದರೆ, ಅವನಿಗೆ ಆ ದುಡ್ಡು ವಾಪಸ್ ಕೊಟ್ಟಿದ್ದೀರಿ ಅಂತ ಒಂದು ಸಾಲು ಸೇರಿಸಿ.

ಆಮೇಲೆ ತಾರೀಖು. ಬೆಂಗಳೂರಿನಿಂದ ಯೂರೋಪಿಗೆ ಹೋಗುವ ಎಷ್ಟೋ ವಿಮಾನ ಮಧ್ಯರಾತ್ರಿ ದಾಟಿದ ಮೇಲೆ ಹೊರಡುತ್ತವೆ. "ಶನಿವಾರ ರಾತ್ರಿ ಫ್ಲೈಟು" ಅಂತ ಎಲ್ಲರೂ ಹೇಳುತ್ತಾರೆ, ಟಿಕೆಟ್‌ನಲ್ಲಿ ಇರುವುದು ಭಾನುವಾರ, ಜೂನ್ 7. ನಾನೊಮ್ಮೆ ಬಾಯಿಮಾತು ನಂಬಿ 6 ಅಂತ ಬರೆದುಬಿಟ್ಟಿದ್ದೆ. ಟಿಕೆಟ್ ಎದುರಿಗಿಟ್ಟುಕೊಂಡೇ ಬರೆಯಿರಿ. ವಾಪಸ್ ಬರುವಾಗಲೂ ಇದೇ ಕಥೆ: 14ರ ಭಾನುವಾರ ಅಲ್ಲಿ ಹತ್ತಿದರೆ ಇಲ್ಲಿ ಇಳಿಯುವುದು 15ರ ಸೋಮವಾರ. ಇಳಿಯುವ ದಿನ, ಹೊರಡುವ ದಿನ ಎರಡನ್ನೂ ಷೆಂಗೆನ್ ಲೆಕ್ಕಕ್ಕೆ ಹಿಡಿಯುತ್ತಾರೆ, ಹಾಗಾಗಿ ಮಂಜುನಾಥನದ್ದು 7ರಿಂದ 14ರವರೆಗೆ 8 ದಿನ, 7 ರಾತ್ರಿ. ಅರ್ಜಿ ಫಾರಂ, ಟಿಕೆಟ್ ಬುಕಿಂಗ್, ಹೋಟೆಲ್, ಕನಿಷ್ಠ 30,000 ಯೂರೋದ ಪ್ರಯಾಣ ವಿಮೆ, ನಿಮ್ಮ ಪತ್ರ, ಐದರಲ್ಲೂ ಇದೇ 8 ದಿನ ಕಾಣಬೇಕು.

ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಹಾಕಬಹುದು. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಸಾಮಾನ್ಯವಾಗಿ ಆಗಲ್ಲ. ನಮ್ಮ ಲೆಕ್ಕಕ್ಕೆ ಕೊನೆಯ ದಿನ ಮೇ 23. ಆದರೆ ತೀರ್ಮಾನಕ್ಕೇ 15 ದಿನ ಬೇಕು, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಅಪಾಯಿಂಟ್‌ಮೆಂಟ್ ಸಿಗುವುದೂ ಒಂದು ಗೋಳು. ಏಪ್ರಿಲ್‌ನಲ್ಲೇ ಹಾಕಿಬಿಟ್ಟರೆ ರಾತ್ರಿ ನಿದ್ದೆಯಾದರೂ ಬರುತ್ತದೆ.

ಹೆಸರು ಬರೆಯುವಾಗ ನಾವು ಎಡವುವ ಜಾಗ

ಇದು ನಮ್ಮ ಕಡೆಯವರದ್ದೇ ತಲೆನೋವು. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅಂತ ಇರುವುದೇ ಇಲ್ಲ, ಇನಿಷಿಯಲ್ ಇರುತ್ತದೆ. ಸಂಬಳದ ಚೀಟಿಯಲ್ಲಿ "ಮಂಜುನಾಥ ಎಚ್. ಆರ್." ಅಂತಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ, ಗಿವನ್ ನೇಮ್ ಜಾಗದಲ್ಲಿ "ಮಂಜುನಾಥ", ಸರ್‌ನೇಮ್ ಜಾಗದಲ್ಲಿ "ಹೊಸಹಳ್ಳಿ ರಾಮಪ್ಪ" ಅಂತ ಬಂದಿರುತ್ತದೆ. ಬ್ಯಾಂಕ್‌ನಲ್ಲಿ ಕೊನೆಯ ಎ ಅಕ್ಷರ ಬಿಟ್ಟು "ಮಂಜುನಾಥ್". ನಮಗೆ ಮೂರೂ ಒಬ್ಬನೇ ಅಂತ ಗೊತ್ತು. ಜರ್ಮನ್ ಆಫೀಸರ್‌ಗೆ "ಮಿಸ್ಟರ್ ರಾಮಪ್ಪ"ನ ಅರ್ಜಿಯಲ್ಲಿ "ಮಂಜುನಾಥ್" ಅನ್ನುವ ಇನ್ಯಾರದ್ದೋ ಸಂಬಳದ ಚೀಟಿ ಇದ್ದ ಹಾಗೆ ಕಾಣುತ್ತದೆ.

ಇದಕ್ಕೆ ಮದ್ದು ಸುಲಭ. ಪತ್ರದಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವಂತೆ, ಅದೇ ಸ್ಪೆಲ್ಲಿಂಗ್‌ನಲ್ಲಿ ಪೂರ್ತಿ ಹೆಸರು ಬರೆದು ಪಕ್ಕದಲ್ಲೇ ಪಾಸ್‌ಪೋರ್ಟ್ ನಂಬರ್ ಹಾಕಿ. ಕೆಳಗೆ ಒಂದು ಸಾಲು: "ನಮ್ಮ ಸಂಬಳದ ದಾಖಲೆಯಲ್ಲಿ ಮತ್ತು ಬ್ಯಾಂಕ್ ಖಾತೆಯಲ್ಲಿ ಇವರ ಹೆಸರು ಹೀಗೆ ಮತ್ತು ಹೀಗೆ ಇದೆ, ಎಲ್ಲವೂ ಒಬ್ಬರದ್ದೇ." ಆಹ್ವಾನ ಪತ್ರಕ್ಕೂ ಪಾಸ್‌ಪೋರ್ಟ್ ಹೆಸರನ್ನೇ ಕಳಿಸಿ. ನಿಮ್ಮ ಗ್ರಾಹಕರು ಅವನನ್ನು ಮೇಲ್‌ನಲ್ಲಿ "ಮಂಜು" ಅಂತ ಕರೆಯುತ್ತಾರೆ ಅಂದುಕೊಳ್ಳಿ, ಹೇಳದಿದ್ದರೆ ಅದನ್ನೇ ಹಾಕಿಯೂ ಬಿಡುತ್ತಾರೆ.

ಸಂಬಳ: ಯಾವ ಅಂಕಿ ಬರೆಯಬೇಕು

ಎಲ್ಲರೂ ಸಿಟಿಸಿ ಬರೆಯುತ್ತಾರೆ, ದೊಡ್ಡದಾಗಿ ಕಾಣಲಿ ಅಂತ. ಅದೇ ತೊಂದರೆ. ಮಂಜುನಾಥನ ಸಿಟಿಸಿ ವರ್ಷಕ್ಕೆ 9,06,000. ತಿಂಗಳಿಗೆ ಭಾಗಿಸಿದರೆ 75,500. ಆದರೆ ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲಾ ಸೇರಿದೆ. ಸಂಬಳದ ಚೀಟಿಯಲ್ಲಿ ಒಟ್ಟು ಸಂಬಳ 72,000. ಅದರಲ್ಲಿ ಅವನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಬ್ಯಾಂಕಿಗೆ ಬೀಳುವುದು 70,000. ಪತ್ರದಲ್ಲಿ 75,500 ಅಂತಿದ್ದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 70,000 ಕಂಡರೆ ಭಾರತದ ಸಿಟಿಸಿ ಲೆಕ್ಕ ಗೊತ್ತಿಲ್ಲದವರು ಏನಂದುಕೊಳ್ಳಬೇಕು?

"ತಿಂಗಳ ಒಟ್ಟು ಸಂಬಳ 72,000 ರೂಪಾಯಿ, ಕಡಿತ ಕಳೆದು ಖಾತೆಗೆ ಜಮಾ ಆಗುವುದು 70,000 ರೂಪಾಯಿ" ಅಂತ ಬರೆಯಿರಿ. ಎರಡೂ ಅಂಕಿ ಎರಡು ಕಾಗದದಲ್ಲಿ ಹಾಗೇ ಸಿಗುತ್ತವೆ. ಯಾವುದಾದರೂ ತಿಂಗಳು ಅಡ್ವಾನ್ಸ್ ಹಿಡಿದಿದ್ದರೆ ಅಥವಾ ಬೋನಸ್ ಸೇರಿದ್ದರೆ ಅದಕ್ಕೂ ಒಂದು ಸಾಲು ವಿವರಣೆ ಇರಲಿ.

"ಡೆಪ್ಯೂಟ್" ಅನ್ನುವ ಪದ ಬೇಡ

ನಮ್ಮ ಆಫೀಸುಗಳಿಗೆ ಈ ಪದದ ಮೇಲೆ ಎಲ್ಲಿಲ್ಲದ ಪ್ರೀತಿ. "ಇವರನ್ನು ಜರ್ಮನಿಗೆ ಡೆಪ್ಯೂಟ್ ಮಾಡುತ್ತಿದ್ದೇವೆ." ನಮಗೆ ಅದು ಬರೀ "ಕಳಿಸುತ್ತಿದ್ದೇವೆ". ಓದುವವರಿಗೆ ಅದು ಅಲ್ಲಿ ಕೂತು ಕೆಲಸ ಮಾಡಲು ಕಳಿಸಿದ ಹಾಗೆ. ಆನ್‌ಸೈಟ್, ಪ್ರಾಜೆಕ್ಟ್ ವರ್ಕ್, ಸಪೋರ್ಟ್, ಇವೂ ಅದೇ ಜಾತಿ. ಬಿಸಿನೆಸ್ ವೀಸಾದಲ್ಲಿ ಮೀಟಿಂಗ್ ಮಾಡಬಹುದು, ಮಾತುಕತೆ ನಡೆಸಬಹುದು, ಕಾನ್ಫರೆನ್ಸ್ ಅಥವಾ ಮೇಳಕ್ಕೆ ಹೋಗಬಹುದು. ಅಲ್ಲಿನ ಕಾರ್ಖಾನೆಯಲ್ಲಿ ಕೈಯಾರೆ ಕೆಲಸಕ್ಕೆ ಇಳಿಯುವುದು ಬೇರೆ ವಿಷಯ, ಮೆಷಿನ್ ಕೂರಿಸುವುದು, ರಿಪೇರಿ ಮಾಡುವುದು ಇತ್ಯಾದಿಗೆ ಬೇರೆ ನಿಯಮಗಳಿವೆ.

ಪದ ಬದಲಿಸಿ ಸತ್ಯ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ನೌಕರ ನಿಜವಾಗಿಯೂ ಸ್ಪ್ಯಾನರ್ ಹಿಡಿಯಲು ಹೋಗುತ್ತಿದ್ದರೆ ಈ ಪತ್ರವೇ ತಪ್ಪು, ಗ್ರಾಹಕರ ಕಡೆಯವರಿಂದ ಅಲ್ಲಿನ ನಿಯಮ ವಿಚಾರಿಸಿ ಸರಿಯಾದ ವೀಸಾ ಹಾಕಿಸಿ. ಮೀಟಿಂಗ್‌ಗೇ ಹೋಗುತ್ತಿದ್ದರೆ ಮೀಟಿಂಗ್ ಅಂತಲೇ ಬರೆಯಿರಿ, ಅದೂ ಯಾವ ವಿಷಯದ ಮೀಟಿಂಗ್ ಅಂತ. ಬರೀ "ವ್ಯವಹಾರದ ಮಾತುಕತೆ" ಅಂದರೆ ಏನೂ ಹೇಳಿದ ಹಾಗಲ್ಲ. "ನಾವು ಸರಬರಾಜು ಮಾಡುವ ಶಾಫ್ಟ್‌ಗಳ ಅಳತೆಯ ವರದಿ ಪರಿಶೀಲನೆ, ಮುಂದಿನ ವರ್ಷದ ಡ್ರಾಯಿಂಗ್ ಬದಲಾವಣೆ ಚರ್ಚೆ" ಅಂದರೆ ಕ್ವಾಲಿಟಿ ಇಂಜಿನಿಯರ್ ಯಾಕೆ ಹೋಗಬೇಕು, ಸೇಲ್ಸ್‌ನವರು ಯಾಕಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಮ್ಯೂನಿಕ್ ಬಗ್ಗೆ ಬಾಯಿ ಬಿಡಬೇಕಾ?

ಬಿಡಬೇಕು. ಪತ್ರದಲ್ಲಿ 11ಕ್ಕೆ ಮೀಟಿಂಗ್ ಮುಗಿಯುತ್ತದೆ, ಟಿಕೆಟ್ 14ಕ್ಕೆ ಇದೆ. ಮಧ್ಯದ ದಿನ ಎಲ್ಲಿಗೆ ಹೋಯಿತು? ನೀವು ಹೇಳದಿದ್ದರೆ ಓದುವವರು ತಾವೇ ಏನೋ ಊಹೆ ಮಾಡಿಕೊಳ್ಳುತ್ತಾರೆ. ಕಂಪನಿ ಕೆಲಸದ ಜೊತೆ ಎರಡು ದಿನ ಸುತ್ತುವುದು ತಪ್ಪೇನೂ ಅಲ್ಲ, ಮುಖ್ಯ ಉದ್ದೇಶ ಮೀಟಿಂಗ್ ಆಗಿದ್ದರೆ ಸಾಕು. ಆ ದಿನಗಳನ್ನು ರಜೆ ಅಂತ ಕರೆದು, ಖರ್ಚು ಬೇರೆ ಮಾಡಿ. ನಮ್ಮಲ್ಲಿ ಶನಿವಾರವೂ ಫ್ಯಾಕ್ಟರಿ ಇರುತ್ತದೆ, ಹಾಗಾಗಿ 12, 13 ಮತ್ತು ಊರಿಗೆ ಇಳಿಯುವ 15, ಒಟ್ಟು ಮೂರು ದಿನ ರಜೆ ಮಂಜೂರು. 16ರ ಮಂಗಳವಾರ ಡ್ಯೂಟಿಗೆ ಹಾಜರು.

ದುಡ್ಡಿನ ವಿಷಯವನ್ನೂ ಇದೇ ರೀತಿ ಬಿಡಿಸಿ ಹೇಳಿ. "ಎಲ್ಲಾ ಖರ್ಚು ಕಂಪನಿಯದ್ದು" ಅಂತ ಬರೆದು, ಮ್ಯೂನಿಕ್ ಹೋಟೆಲ್ ನೌಕರನ ಕಾರ್ಡಿನಲ್ಲಿ ಬುಕ್ ಆಗಿದ್ದರೆ ಅಲ್ಲೇ ಒಂದು ಸುಳ್ಳು ಹುಟ್ಟಿತು. ಆ ಕಡೆಯವರು ಹೋಟೆಲ್ ಕೊಡುತ್ತಾರಾದರೆ ಅವರ ಪತ್ರದಲ್ಲೂ ಅದು ಇರಬೇಕು. ಎರಡೂ ಕಡೆಯವರು "ನಾವು ಕೊಡುತ್ತೇವೆ" ಅಂದದ್ದನ್ನೂ ನೋಡಿದ್ದೇನೆ, ಇಬ್ಬರೂ ಸುಮ್ಮನಿದ್ದದ್ದನ್ನೂ ನೋಡಿದ್ದೇನೆ. ಕಂಪನಿ ಸಣ್ಣದಾಗಿದ್ದು ಖರ್ಚು ಕಂಪನಿಯದ್ದಾದರೆ, ಜಿಎಸ್‌ಟಿ ನೋಂದಣಿ ಪತ್ರ ಮತ್ತು ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಿ. ದೊಡ್ಡ ಐಟಿ ಕಂಪನಿಯ ಹೆಸರು ಕಂಡರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಪೀಣ್ಯ ಎರಡನೇ ಹಂತದ ಶೆಡ್ಡಿನಲ್ಲಿರುವ ನಮ್ಮನ್ನು ಯಾರು ಬಲ್ಲರು?

ಈಗ ಪತ್ರ

ಕಳಿಸುವುದು ಇಂಗ್ಲಿಷ್‌ನಲ್ಲೇ. ಅರ್ಥ ಚೆನ್ನಾಗಿ ತಿಳಿಯಲಿ ಅಂತ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಕಂಪನಿಯ ಲೆಟರ್‌ಹೆಡ್, ಒಂದೇ ಪುಟ. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, 7/6 ಅಂತ ಬರೆದು ಜುಲೈಯೋ ಜೂನೋ ಅನ್ನುವ ಗೊಂದಲ ಬೇಡ.

> ಏಪ್ರಿಲ್ 27
>
> ಗೆ: ವೀಸಾ ವಿಭಾಗ, ಜರ್ಮನ್ ಕಾನ್ಸುಲೇಟ್ ಜನರಲ್
>
> ವಿಷಯ: ಮಂಜುನಾಥ ಹೊಸಹಳ್ಳಿ ರಾಮಪ್ಪ, ಪಾಸ್‌ಪೋರ್ಟ್ ನಂ. ____, ಇವರ ವ್ಯವಹಾರ ಪ್ರವಾಸ, ಜೂನ್ 7ರಿಂದ 14
>
> ಇವರು ಜುಲೈ 2019ರಿಂದ ನಮ್ಮಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿ ಖಾಯಂ ನೌಕರಿಯಲ್ಲಿದ್ದಾರೆ. ತಿಂಗಳ ಒಟ್ಟು ಸಂಬಳ 72,000 ರೂ., ಖಾತೆಗೆ ಜಮಾ ಆಗುವುದು 70,000 ರೂ. ಸಂಬಳದ ದಾಖಲೆಯಲ್ಲಿ ಇವರ ಹೆಸರು ಮಂಜುನಾಥ ಎಚ್. ಆರ್. ಎಂದೂ ಬ್ಯಾಂಕ್ ಖಾತೆಯಲ್ಲಿ ಮಂಜುನಾಥ್ ಎಂದೂ ಇದೆ.
>
> ನಾವು ____ ಕಂಪನಿಗೆ (ಸ್ಟುಟ್‌ಗಾರ್ಟ್) ____ನೇ ವರ್ಷದಿಂದ ಶಾಫ್ಟ್‌ಗಳನ್ನು ಸರಬರಾಜು ಮಾಡುತ್ತಿದ್ದೇವೆ. ಜೂನ್ 8ರಿಂದ 11ರವರೆಗೆ ಅವರ ಕಚೇರಿಯಲ್ಲಿ ಅಳತೆ ವರದಿ ಪರಿಶೀಲನೆ ಮತ್ತು ಡ್ರಾಯಿಂಗ್ ಬದಲಾವಣೆಯ ಸಭೆಗಳಿವೆ. ಈ ವರದಿಗಳನ್ನು ತಯಾರಿಸುವವರು ಇವರೇ. ಅವರ ಆಹ್ವಾನ ಪತ್ರ ಲಗತ್ತಿಸಿದೆ.
>
> ವಿಮಾನ ಟಿಕೆಟ್, ವಿಮೆ, 7ರಿಂದ 12ರವರೆಗೆ ಸ್ಟುಟ್‌ಗಾರ್ಟ್‌ನ 5 ರಾತ್ರಿಯ ಹೋಟೆಲ್ ಮತ್ತು ದಿನಭತ್ಯೆ ನಮ್ಮ ಕಂಪನಿಯದು. 12ರಿಂದ 14ರವರೆಗೆ ಇವರು ಸ್ವಂತ ಖರ್ಚಿನಲ್ಲಿ ಮ್ಯೂನಿಕ್‌ನಲ್ಲಿ 2 ರಾತ್ರಿ ತಂಗುತ್ತಾರೆ. 12, 13 ಮತ್ತು 15ಕ್ಕೆ ರಜೆ ಮಂಜೂರಾಗಿದೆ.
>
> ಪ್ರವಾಸದ ಉದ್ದಕ್ಕೂ ಇವರು ನಮ್ಮ ನೌಕರರೇ ಆಗಿದ್ದು, ಸಂಬಳ ಭಾರತದಲ್ಲೇ ಪಾವತಿಯಾಗುತ್ತದೆ. ಜೂನ್ 16ರಂದು ಕೆಲಸಕ್ಕೆ ಮರಳಿ, ಸಭೆಯಲ್ಲಿ ಒಪ್ಪಿದ ಬದಲಾವಣೆಗಳನ್ನು ನಮ್ಮ ಕಾರ್ಖಾನೆಯಲ್ಲಿ ಜಾರಿಗೆ ತರುವ ಜವಾಬ್ದಾರಿ ಇವರದ್ದು.
>
> ಸಹಿ, ಹೆಸರು, ಹುದ್ದೆ, ನೇರ ಫೋನ್, ಇಮೇಲ್, ಸೀಲ್

ಕೊನೆಯ ಪ್ಯಾರಾ ನೋಡಿ. "ಇವರು ವಾಪಸ್ ಬರುತ್ತಾರೆ ಅಂತ ಗ್ಯಾರಂಟಿ ಕೊಡುತ್ತೇವೆ" ಅಂತ ಎಲ್ಲೂ ಇಲ್ಲ. ಆ ಸಾಲನ್ನು ಯಾರು ಬೇಕಾದರೂ ಬರೆಯಬಹುದು, ಅದಕ್ಕೇ ಬೆಲೆ ಕಮ್ಮಿ. ವರ್ಷಗಳಿಂದ ಇರುವ ಖಾಯಂ ನೌಕರಿ, ಹಾಜರಾಗುವ ದಿನ, ಬಂದ ಮೇಲೆ ಅವನಿಗಾಗಿ ಕಾದಿರುವ ಕೆಲಸ, ಈ ಮೂರು ಸೇರಿ ಅದೇ ಮಾತನ್ನು ಗಟ್ಟಿಯಾಗಿ ಹೇಳುತ್ತವೆ. ನೌಕರ ಸೇರಿ ನಾಲ್ಕೇ ತಿಂಗಳಾಗಿದ್ದರೆ ಅದನ್ನು ಮುಚ್ಚಬೇಡಿ, ಇವರನ್ನೇ ಯಾಕೆ ಕಳಿಸುತ್ತಿದ್ದೀರಿ ಅನ್ನುವುದಕ್ಕೆ ಒಂದು ಸಾಲು ಜಾಸ್ತಿ ಬರೆಯಿರಿ.

ಸಹಿ ಮತ್ತು ಫೋನು

ಹೊರಡುವವನೇ ತನ್ನ ಪತ್ರಕ್ಕೆ ಸಹಿ ಹಾಕುವ ಹಾಗಿಲ್ಲ. ಮಾಲೀಕರೇ ಹೊರಟಿದ್ದರೆ ಇನ್ನೊಬ್ಬ ಪಾಲುದಾರರೋ ಡೈರೆಕ್ಟರೋ ಹಾಕಲಿ. ಒಬ್ಬರದ್ದೇ ಕಂಪನಿಯಾದರೆ ನೌಕರಿ ಪತ್ರದ ನಾಟಕ ಬೇಡ, ಮಾಲೀಕರು ಅಂತಲೇ ಹೇಳಿಕೊಂಡು ಕವರಿಂಗ್ ಲೆಟರ್ ಬರೆದು ಕಂಪನಿಯ ನೋಂದಣಿ, ತೆರಿಗೆ ಕಾಗದ ಇಡಿ.

ಫೋನ್ ನಂಬರ್ ಹಾಕಿದರೆ ಅದು ಎತ್ತುವಂಥದ್ದಾಗಿರಲಿ. ನಮಗೊಮ್ಮೆ ನಿಜವಾಗಿಯೂ ಕರೆ ಬಂತು. ಎತ್ತಿದ್ದು ಗೇಟಿನ ಸೆಕ್ಯುರಿಟಿ. ಪಾಸ್‌ಪೋರ್ಟ್‌ನಲ್ಲಿದ್ದ ಉದ್ದ ಹೆಸರು ಕೇಳಿ "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಸಾರ್" ಅಂದುಬಿಟ್ಟರು. ಅವರ ತಪ್ಪಲ್ಲ, ಆ ಇಂಜಿನಿಯರ್ ಎಲ್ಲರ ಬಾಯಲ್ಲೂ "ಮೂರ್ತಿ ಸಾರ್". ನಾನು ಪಕ್ಕದಲ್ಲೇ ಇದ್ದದ್ದಕ್ಕೆ ಫೋನ್ ಕಿತ್ತುಕೊಂಡು ಮಾತಾಡಿದೆ. ಈಗ ಅರ್ಜಿ ಹಾಕಿದ ದಿನವೇ ಗೇಟಿನಲ್ಲಿ ಹೆಸರು ಮತ್ತು ತಾರೀಖು ಬರೆದ ಚೀಟಿ ಅಂಟಿಸುತ್ತೇನೆ.

ಕೊಡುವ ಹಿಂದಿನ ದಿನ

ಎಲ್ಲಾ ಕಾಗದ ಮೇಜಿನ ಮೇಲೆ ಹರಡಿ, ಪತ್ರದ ಒಂದೊಂದೇ ಸಾಲನ್ನು ಬೆರಳಿಟ್ಟು ಓದಿ. ಪ್ರತಿ ಹೆಸರು, ತಾರೀಖು, ಅಂಕಿಗೂ ಇನ್ನೊಂದು ಕಾಗದದಲ್ಲಿ ಜೋಡಿ ಹುಡುಕಿ. ಜೋಡಿ ಸಿಗದ ಸಾಲು ಒಂದೋ ತಪ್ಪು, ಇಲ್ಲಾ ಅದಕ್ಕೆ ಒಂದು ಕಾಗದ ಲಗತ್ತಿಸಬೇಕು. ಈ ಕೆಲಸವನ್ನು ಬರೆದವರು ಮಾಡಬಾರದು. ನಾನು ಅಕೌಂಟ್ಸ್ ಮೇಡಂ ಕೈಗೆ ಕೊಡುತ್ತೇನೆ, ಅವರ ಕಣ್ಣಿಗೆ ಬೀಳದ ತಪ್ಪಿಲ್ಲ. ಮೀಟಿಂಗ್ ದಿನ ಆಮೇಲೆ ಬದಲಾದರೆ ಹಳೆಯ ಪತ್ರದಲ್ಲಿ ಪೆನ್ನಿನಿಂದ ತಿದ್ದಬೇಡಿ. ಆಹ್ವಾನ, ಪತ್ರ, ಟಿಕೆಟ್, ವಿಮೆ ನಾಲ್ಕನ್ನೂ ಹೊಸದಾಗಿ ಮಾಡಿಸಿ.

ವೀಸಾ ಬಂದ ಮೇಲೂ ಪತ್ರದ ಕೆಲಸ ಮುಗಿಯಲ್ಲ. ಇಳಿದ ಕೂಡಲೇ ಗಡಿ ಪೊಲೀಸರು ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ ಅಂತ ಮತ್ತೆ ಕೇಳಬಹುದು, ಅದು ಅವರ ಹಕ್ಕು. ಪತ್ರ ಮತ್ತು ಆಹ್ವಾನದ ಪ್ರತಿ ಕೈಚೀಲದಲ್ಲಿರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅಲ್ಲ. ಹೊರಡುವ ಮೊದಲು ಒಂದು ಸಲ ನೌಕರನನ್ನು ಕೂರಿಸಿಕೊಂಡು ನೀವೇ ಆ ಪ್ರಶ್ನೆ ಕೇಳಿ ನೋಡಿ. ಕನ್ನಡದಲ್ಲಿ ನಾವು "ಕೆಲಸದ ಮೇಲೆ ಹೋಗ್ತಿದ್ದೀನಿ" ಅಂತೀವಲ್ವಾ, ಅದನ್ನೇ ಇಂಗ್ಲಿಷ್‌ಗೆ ತಿರುಗಿಸಿ "ಫಾರ್ ವರ್ಕ್" ಅಂತ ಅವನ ಬಾಯಿಂದ ತಾನಾಗಿ ಬರುತ್ತದೆ. ಅದನ್ನು ಅಲ್ಲೇ ತಿದ್ದಿ "ಮೀಟಿಂಗ್, ಸ್ಟುಟ್‌ಗಾರ್ಟ್, ಗುರುವಾರದವರೆಗೆ" ಅಂತ ಹೇಳಿಸಿ ಕಳಿಸಿ.